ಅವರೆಬೇಳೆ ಬನ್ನಿಗೆ ಮೂರು ವಿಡಿಯೋ: ಬೇಕರಿಯ ಹೊಸ ತಿಂಡಿಗೆ ಕೌಂಟ್‌ಡೌನ್ ಮಾಡೋದು ಹೇಗೆ

ಹೋದ ವರ್ಷ ಜೂನ್‌ನಲ್ಲಿ ನಾನೊಂದು ಎಡವಟ್ಟು ಮಾಡಿದ್ದೆ. ಸೋದರಮಾವನ ಬೇಕರಿಯಲ್ಲಿ ಹಲಸಿನ ಹಣ್ಣಿನ ಕೇಕ್ ಶುರು ಮಾಡೋದಿತ್ತು. ನಾನು ಉತ್ಸಾಹದಲ್ಲಿ ಮೂರು ರೀಲ್ಸ್ ಮಾಡಿ ಒಂದೊಂದರ ಮೇಲೂ ದಪ್ಪ ಅಕ್ಷರದಲ್ಲಿ "ಇನ್ನು 3 ದಿನ", "ಇನ್ನು 2 ದಿನ", "ನಾಳೆ!" ಅಂತ ಬರೆದು ಹಾಕಿದೆ. ಮೂರರಲ್ಲೂ ಅದೇ ಕೇಕು, ಅದೇ ಹಾಡು.

ಕೇಕ್ ಮಾರಾಟ ಶುರುವಾಗಿ ಐದನೇ ದಿನ ಒಬ್ಬ ಹೆಂಗಸು ಅಂಗಡಿಗೆ ಬಂದರು. "ಹಲಸಿನ ಕೇಕು ನಾಳೆ ಬರುತ್ತಂತಲ್ಲ, ಎಷ್ಟು ಗಂಟೆಗೆ ಬರಲಿ?" ಅಂತ ಕೇಳಿದರು. ಕೇಕು ಅವರ ಮುಂದಿನ ಗಾಜಿನೊಳಗೇ ಇತ್ತು. ಮಾವ ನನ್ನ ಕಡೆ ತಿರುಗಿ ನೋಡಿದ ನೋಟ ಇನ್ನೂ ನೆನಪಿದೆ.

ತಪ್ಪು ಆ ಹೆಂಗಸಿನದಲ್ಲ. ಇನ್‌ಸ್ಟಾಗ್ರಾಂ ರೀಲ್ಸ್ ನಾವು ಹಾಕಿದ ದಿನವೇ ಎಲ್ಲರಿಗೂ ಕಾಣಿಸೋದಿಲ್ಲ. ನಮ್ಮ ಪೇಜ್ ಫಾಲೋ ಮಾಡದವರಿಗೆ ಅದು ಎರಡು ದಿನಕ್ಕೂ ಹೋಗಬಹುದು, ಎರಡು ವಾರಕ್ಕೂ ಹೋಗಬಹುದು. ಮೂರನೇ ವಿಡಿಯೋ ಮೊದಲು ಕಂಡು ಮೊದಲನೇದು ಕೊನೆಗೆ ಕಾಣೋದೂ ಉಂಟು. ಅಂದರೆ ಮೂರು, ಎರಡು, ಒಂದು ಅಂತ ನಾವು ಎಣಿಸಿದ್ದನ್ನು ಅದೇ ಕ್ರಮದಲ್ಲಿ ನೋಡುವವರು ತುಂಬಾ ಕಡಿಮೆ.

ಹಾಗಂತ ಕೌಂಟ್‌ಡೌನ್ ಬೇಡ ಅಂತಲ್ಲ. ಎಣಿಕೆಯನ್ನು ಎಲ್ಲಿ ಇಡಬೇಕು, ವಿಡಿಯೋದಲ್ಲಿ ಏನು ಇರಬೇಕು ಅನ್ನೋದನ್ನು ಬೇರೆ ಬೇರೆ ಮಾಡಬೇಕು, ಅಷ್ಟೇ. ಈ ಜನವರಿಯಲ್ಲಿ ಮಾವ ಅವರೆಬೇಳೆ ಖಾರಾ ಬನ್ ಶುರು ಮಾಡಿದಾಗ ಹಾಗೆ ಮಾಡಿದೆವು. ಆ ಮೂರು ವಿಡಿಯೋಗಳನ್ನೇ ಇಟ್ಟುಕೊಂಡು ಹೇಳ್ತೀನಿ.

ಮೊದಲ ಕೆಲಸ: ದಿನಾಂಕ ಒಂದು ಕಡೆ, "ಇನ್ನು ಎಷ್ಟು ದಿನ" ಇನ್ನೊಂದು ಕಡೆ

ರೀಲ್ಸ್ ಒಳಗೆ "ಇನ್ನು 3 ದಿನ" ಅಂತ ಬರೆಯಲೇಬೇಡಿ, ಬಾಯಲ್ಲೂ ಹೇಳಬೇಡಿ. ಅದರ ಬದಲು ಪೂರ್ತಿ ದಿನಾಂಕ ಕೊಡಿ: "ಜನವರಿ 10, ಶನಿವಾರ, ಸಂಜೆ 4 ಗಂಟೆಯಿಂದ". ಈ ವಿಡಿಯೋ 8ನೇ ತಾರೀಖು ನೋಡಿದವರಿಗೂ ಅರ್ಥ ಆಗುತ್ತದೆ, 14ನೇ ತಾರೀಖು ನೋಡಿದವರಿಗೂ "ಓ, ಆಗಲೇ ಶುರುವಾಗಿದೆ" ಅಂತ ಗೊತ್ತಾಗುತ್ತದೆ. "ಸಂಜೆ 4 ಗಂಟೆಗೆ" ಅನ್ನೋದಕ್ಕಿಂತ "4 ಗಂಟೆಯಿಂದ" ಅನ್ನೋದು ವಾಸಿ, ಯಾಕಂದರೆ ಆಮೇಲೆ ದಿನಾ ಅದೇ ಹೊತ್ತಿಗೆ ಸಿಗುತ್ತದೆ ಅನ್ನೋ ಅರ್ಥವೂ ಅದರಲ್ಲಿದೆ.

"ಇನ್ನು 3 ದಿನ" ಅನ್ನೋ ಮಾತಿಗೆ ಸರಿಯಾದ ಜಾಗ ವಾಟ್ಸಾಪ್ ಸ್ಟೇಟಸ್ ಮತ್ತು ಇನ್‌ಸ್ಟಾಗ್ರಾಂ ಸ್ಟೋರಿ. ಎರಡೂ 24 ಗಂಟೆಯಲ್ಲಿ ಮಾಯ ಆಗುತ್ತವೆ, ಹಾಗಾಗಿ ಹಳಸೋದಿಲ್ಲ. ಅಲ್ಲಿ ನೋಡುವವರೂ ನಮ್ಮ ಗುರುತಿನವರೇ. ಸ್ಟೋರಿಯಲ್ಲಿ ಕೌಂಟ್‌ಡೌನ್ ಸ್ಟಿಕ್ಕರ್ ಇದೆ. ಅದಕ್ಕೆ ದಿನ, ಗಂಟೆ ಕೊಟ್ಟರೆ ತಾನೇ ಎಣಿಸುತ್ತದೆ, ನೋಡಿದವರು ಅದನ್ನು ಒತ್ತಿ ನೆನಪಿಸು ಅಂತ ಹೇಳಿಟ್ಟರೆ ಸಮಯ ಮುಗಿದಾಗ ಅವರ ಫೋನಿಗೆ ಸೂಚನೆ ಹೋಗುತ್ತದೆ. ಆದರೆ ನಿಜ ಹೇಳಬೇಕಂದರೆ ಬಡಾವಣೆಯ ಬೇಕರಿಗೆ ವಾಟ್ಸಾಪ್ ಸ್ಟೇಟಸ್ಸೇ ದೊಡ್ಡ ಅಸ್ತ್ರ. ಹುಟ್ಟುಹಬ್ಬದ ಕೇಕ್ ಆರ್ಡರ್ ಕೊಟ್ಟವರ ನಂಬರೆಲ್ಲ ಮಾವನ ಫೋನಲ್ಲಿವೆ. ಒಂದು ಎಚ್ಚರಿಕೆ: ಸ್ಟೇಟಸ್ ಕಾಣಿಸೋದು ನಮ್ಮ ನಂಬರನ್ನು ಅವರೂ ಸೇವ್ ಮಾಡಿಕೊಂಡಿದ್ದರೆ ಮಾತ್ರ. ಅದಕ್ಕೇ ಮಾವ ಕೇಕ್ ಡಬ್ಬದ ಮೇಲೆ ನಂಬರ್ ಬರೆದು "ಇದನ್ನ ಸೇವ್ ಮಾಡ್ಕೊಳಿ, ದಿನಾ ಏನು ಬಿಸಿ ಇದೆ ಅಂತ ಹಾಕ್ತೀನಿ" ಅಂತ ಹೇಳೋದನ್ನು ರೂಢಿ ಮಾಡಿಕೊಂಡಿದ್ದಾರೆ.

ಮೂರು ವಿಡಿಯೋ, ಮೂರು ಥರದ ಜನ

ಕೊಕ್ಕೆ ಅಂದರೆ ಮೊದಲ ಎರಡು ಸೆಕೆಂಡು. ಬೆರಳು ಮೇಲೆ ತಳ್ಳುವ ಮೊದಲು ನೋಡುವವರನ್ನು ತಡೆದು ನಿಲ್ಲಿಸೋ ಸಂಗತಿ. ಮೂರು ವಿಡಿಯೋಗೂ ಒಂದೇ ಕೊಕ್ಕೆ ಹಾಕಿದರೆ, ಮೊದಲನೇದು ನೋಡಿದವರು ಎರಡನೇದು ಬಂದಾಗ "ಇದು ಆಗಲೇ ನೋಡಿದ್ದು" ಅಂತ ತಳ್ಳಿಬಿಡ್ತಾರೆ. ಹಲಸಿನ ಕೇಕಿಗೆ ಆಗಿದ್ದೂ ಇದೇ. ಇನ್ನೊಂದು ಕಾರಣವೂ ಇದೆ. ಬೇಕರಿಗೆ ಬರುವವರು ಒಂದೇ ಥರ ಇರೋದಿಲ್ಲ. ಒಬ್ಬರಿಗೆ ಅವರೆಕಾಯಿ ಅಂದರೆ ಪ್ರಾಣ, ಆದರೆ ನಮ್ಮ ಬೇಕರಿ ಗೊತ್ತಿಲ್ಲ. ಇನ್ನೊಬ್ಬರಿಗೆ ಬೇಕರಿ ಗೊತ್ತು, ಆದರೆ "ಬನ್ನಿನಲ್ಲಿ ಅವರೆಬೇಳೆನಾ, ಏನೇನೋ ಮಾಡ್ತಾರಪ್ಪ" ಅನ್ನೋ ಅನುಮಾನ. ಮೂರನೆಯವರಿಗೆ ಆಸೆ ಇದೆ, ಯಾವತ್ತು, ಎಷ್ಟು ಹೊತ್ತಿಗೆ, ಎಷ್ಟು ದುಡ್ಡು ಅಂತ ಗೊತ್ತಾದರೆ ಸಾಕು. ಒಂದೊಂದು ವಿಡಿಯೋ ಒಬ್ಬೊಬ್ಬರಿಗೆ.

ಇಲ್ಲಿ ಒಂದು ಪರೀಕ್ಷೆ ಮಾಡಿ. ಪ್ರತಿ ವಿಡಿಯೋವನ್ನೂ ಉಳಿದೆರಡನ್ನು ನೋಡಿರದ ಒಬ್ಬರಿಗೆ ತೋರಿಸಿ, ಏನು ಮಾರ್ತಾರೆ, ಎಲ್ಲಿ, ಯಾವತ್ತು ಅಂತ ಕೇಳಿ. ಏನು ಅನ್ನೋದನ್ನು ಬೇಕಂತಲೇ ಮುಚ್ಚಿಟ್ಟಿದ್ದರೆ ಅದೊಂದು ಬಿಟ್ಟು ಉಳಿದೆರಡಕ್ಕೆ ಉತ್ತರ ಬರಲೇಬೇಕು. ನಾನು ಅತ್ತೆಗೆ ತೋರಿಸಿದೆ. "ಎಲ್ಲಿ ಅಂತ ಹೇಳೇ ಇಲ್ವಲ್ಲೋ" ಅಂದರು. ಬೇಕರಿ ನಮ್ಮದೇ ಆದ್ದರಿಂದ ನಂಗೆ ಅದು ಹೊಳೆದೇ ಇರಲಿಲ್ಲ.

ಶೂಟಿಂಗ್ ಶುರುವಾಗೋದು ಮೂರು ವಾರ ಮೊದಲು

ಕೌಂಟ್‌ಡೌನ್ ಮೂರು ದಿನದ್ದಾದರೂ ಕ್ಯಾಮೆರಾ ಹಿಡಿಯೋದು ತಿಂಡಿಯ ಮೊದಲ ಪ್ರಯೋಗದ ದಿನವೇ. ಯಾಕಂದರೆ ಎರಡನೇ ವಿಡಿಯೋಗೆ ಬೇಕಾದ್ದು ಹಾಳಾದ ಬನ್ನು, ಅದನ್ನು ಆಮೇಲೆ ನಾಟಕ ಮಾಡಿ ತೆಗೆಯೋಕೆ ಆಗೋಲ್ಲ. ತೆಗೆದರೂ ಗೊತ್ತಾಗಿಬಿಡುತ್ತದೆ. ನಾವು ಮಾಡಿದ್ದು ಇಷ್ಟೇ: ಪ್ರತಿ ಸಲ ಬನ್ ಬೆಂದು ಬಂದ ಮೇಲೆ ಅದೇ ಸ್ಟೀಲ್ ತಟ್ಟೆ, ಅದೇ ಮೇಜು, ಅದೇ ಕೋನದಲ್ಲಿ ಬನ್ ಕತ್ತರಿಸಿ ಹತ್ತು ಸೆಕೆಂಡು ತೆಗೆದಿಡೋದು. ಜಾಗ ಬದಲಾಗದೇ ಇದ್ದರೆ ಒಂದರ ಹಿಂದೆ ಒಂದು ಜೋಡಿಸಿದಾಗ ಬನ್ ಮಾತ್ರ ಬದಲಾಗುತ್ತಾ ಹೋಗುತ್ತದೆ. ಮೇಜಿನ ಮೇಲೆ ತಟ್ಟೆ ಇಡುವ ಜಾಗಕ್ಕೂ ಫೋನ್ ನಿಲ್ಲಿಸುವ ಜಾಗಕ್ಕೂ ಟೇಪ್ ಅಂಟಿಸಿ ಗುರುತು ಮಾಡಿಕೊಂಡೆ.

ಫೋನನ್ನು ಉದ್ದಕ್ಕೆ ಹಿಡಿದು ತೆಗೀರಿ, 1080 × 1920 ಸಾಕು. ಅದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾದ್ದು ಮೂರು ವಿಷಯಕ್ಕೆ.

ಒಂದು, ಟ್ಯೂಬ್‌ಲೈಟು. ಬೇಕರಿಯ ಹಿಂಭಾಗದಲ್ಲಿ ಟ್ಯೂಬ್‌ಲೈಟ್ ಬೆಳಕಲ್ಲಿ ತೆಗೆದ ವಿಡಿಯೋದಲ್ಲಿ ಎಷ್ಟೋ ಸಲ ಕಪ್ಪು ಪಟ್ಟಿಗಳು ಮೇಲೆ ಕೆಳಗೆ ಓಡಾಡುತ್ತವೆ. ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ಆ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಫೋನಿನ ಕ್ಯಾಮೆರಾದ ಲೆಕ್ಕ ಅದಕ್ಕೆ ಹೊಂದದಿದ್ದರೆ ಪಟ್ಟಿ ಬರುತ್ತದೆ. ಫೋನಿನಲ್ಲಿ ಪ್ರೋ ಮೋಡ್ ಇದ್ದರೆ ಶಟರ್ 1/50 ಅಥವಾ 1/100ಕ್ಕೆ ಇಟ್ಟರೆ ಸರಿಹೋಗುತ್ತದೆ. ಇಲ್ಲದಿದ್ದರೆ ದೀಪ ಆರಿಸಿ ಬಾಗಿಲ ಹತ್ತಿರ ಹಗಲು ಬೆಳಕಲ್ಲಿ ತೆಗೀರಿ. ಸ್ಲೋ ಮೋಷನ್ ಅಂತೂ ಆ ಬೆಳಕಲ್ಲಿ ಬೇಡವೇ ಬೇಡ.

ಎರಡು, ಹಬೆ. ಬಿಸಿ ಬನ್ ಮುರಿದಾಗ ಏಳೋ ಹಬೆ ಕಣ್ಣಿಗೆ ಕಾಣುತ್ತದೆ, ಕ್ಯಾಮೆರಾಗೆ ಕಾಣೋದಿಲ್ಲ. ಹಬೆ ಕಾಣಬೇಕಂದರೆ ಹಿಂದೆ ಗಾಢ ಬಣ್ಣ ಇರಬೇಕು, ಬೆಳಕು ಹಿಂದಿನಿಂದಲೋ ಪಕ್ಕದಿಂದಲೋ ಬೀಳಬೇಕು. ನಾವು ಓವನ್ನಿನ ಕಪ್ಪಾದ ಟ್ರೇ ಒಂದನ್ನು ಹಿಂದೆ ನಿಲ್ಲಿಸಿ ಕಿಟಕಿಯನ್ನು ಪಕ್ಕಕ್ಕೆ ಇಟ್ಟುಕೊಂಡೆವು. ಬಿಳಿ ಟೈಲ್ಸ್ ಗೋಡೆ ಮುಂದೆ ಮಾಡಿದ ಮೊದಲ ಆರು ಬನ್ನು ಸುಮ್ನೆ ಹೋದವು. ಹೋದವು ಅಂದರೆ ನಾವೇ ತಿಂದೆವು ಬಿಡಿ.

ಮೂರು, ಸದ್ದು. ಎಕ್ಸಾಸ್ಟ್ ಫ್ಯಾನು, ಹಿಟ್ಟು ಕಲಸೋ ಮಷಿನ್ನು ಎರಡನ್ನೂ ಎರಡು ನಿಮಿಷ ನಿಲ್ಲಿಸಿ ಅಂತ ಮಾಸ್ಟರ್‌ಗೆ ಹೇಳಿ. ಅಂಗಡಿ ಹೆಸರಲ್ಲಿ ಬಿಸಿನೆಸ್ ಅಕೌಂಟ್ ಮಾಡಿದ್ದರೆ ಜನಪ್ರಿಯ ಸಿನಿಮಾ ಹಾಡುಗಳಲ್ಲಿ ಹೆಚ್ಚಿನವು ನಮಗೆ ಸಿಗೋದೂ ಇಲ್ಲ. ಹಾಗಾಗಿ ನಮ್ಮದೇ ಸದ್ದು ಬೇಕು. ಅವರೆಬೇಳೆ ಹಿಸುಕೋ ಸದ್ದು, ಟ್ರೇ ಓವನ್ನಿಗೆ ಉಜ್ಜೋ ಸದ್ದು, ಬನ್ನಿನ ಮೇಲ್ಪದರ ಬಿರಿಯೋ ಸದ್ದು. ಇವನ್ನು ಫೋನ್ ಹತ್ತಿರ ಹಿಡಿದು ಬೇರೆಯಾಗಿ ರೆಕಾರ್ಡ್ ಮಾಡಿ ಆಮೇಲೆ ಜೋಡಿಸಿದರೆ ಆಯ್ತು.

ಮತ್ತೆ ಲೆನ್ಸ್ ಒರೆಸಿ. ಬೇಕರಿಯಲ್ಲಿ ಹಿಟ್ಟಿನ ಪುಡಿ ಎಲ್ಲಿ ನೋಡಿದರಲ್ಲಿ ಕೂತಿರುತ್ತದೆ.

ಮೊದಲ ವಿಡಿಯೋ: "ಬೇಕರಿಲಿ ಅವರೆಕಾಯಿಗೇನು ಕೆಲಸ?"

ಇದು ಸೋಮವಾರ, ಶುರುವಾಗೋಕೆ ಐದು ದಿನ ಮೊದಲು ಹಾಕಿದ್ದು. ಮೂರು ದಿನ ಅಲ್ಲ, ಐದು ದಿನ. ಹೊಸಬರಿಗೆ ತಲುಪೋಕೆ ರೀಲ್ಸ್‌ಗೆ ಸಮಯ ಬೇಕಲ್ವಾ, ಅದಕ್ಕೆ. ಎರಡನೇದು ಬುಧವಾರ, ಮೂರನೇದು ಶುಕ್ರವಾರ ಸಂಜೆ 4ಕ್ಕೆ, ಅಂದರೆ ಸರಿಯಾಗಿ 24 ಗಂಟೆ ಮೊದಲು.

ಇಲ್ಲಿನ ಕೊಕ್ಕೆ ಅಂದರೆ ಜಾಗಕ್ಕೆ ಹೊಂದದ ವಸ್ತು. ಬೇಕರಿಯ ಗಾಜಿನ ಕೌಂಟರು, ಒಳಗೆ ದಿಲ್‌ಪಸಂದ್, ಹನಿ ಕೇಕು, ಬೆಣ್ಣೆ ಬಿಸ್ಕತ್ತು ಎಲ್ಲ ಕಾಣ್ತಿದೆ. ಅದರ ಮೇಲೆ ಒಂದು ರಾಶಿ ಅವರೆಕಾಯಿ. ನೋಡಿದ ತಕ್ಷಣ "ಇದೇನು ಇಲ್ಲಿ?" ಅನಿಸಬೇಕು. ಆದರೆ ವಿಡಿಯೋ ಶುರುವಾಗೋದು ಈ ರಾಶಿಯಿಂದಲ್ಲ. ಶುರುವಿನಲ್ಲಿ ಬೆರಳುಗಳು ತೀರಾ ಹತ್ತಿರದಲ್ಲಿ, ನೆನೆದ ಕಾಳನ್ನು ಹಿಸುಕಿದಾಗ ಬೇಳೆ ಸಿಪ್ಪೆಯಿಂದ ಚಿಮ್ಮಿ ಪಾತ್ರೆಗೆ ಬೀಳುತ್ತದೆ. ಒಂದೂವರೆ ಸೆಕೆಂಡು. ಅವರೆಕಾಳು ಹಿಸುಕಿ ಬೆಳೆದವರ ಕೈ ಆ ದೃಶ್ಯಕ್ಕೆ ತಾನೇ ನಿಲ್ಲುತ್ತದೆ. ಆಮೇಲೆ ಕ್ಯಾಮೆರಾ ಹಿಂದೆ ಸರಿದಾಗ ಗೊತ್ತಾಗುತ್ತದೆ, ಇದು ಅಡುಗೆಮನೆ ಅಲ್ಲ, ಬೇಕರಿ. ಆಗ ಮೇಲೆ ಒಂದೇ ಸಾಲು: "ಬೇಕರಿಲಿ ಅವರೆಕಾಯಿಗೇನು ಕೆಲಸ?"

ನಂತರ ಎಂಟು ಸೆಕೆಂಡು ಕೆಲಸ: ಅತ್ತೆ, ಅಜ್ಜಿ, ಅಂಗಡಿ ಹುಡುಗ ಮೂರೂ ಜನ ಕೂತು ಹಿಸುಕ್ತಿದ್ದಾರೆ, ಪಕ್ಕದಲ್ಲಿ ಸಬ್ಬಸಿಗೆ ಸೊಪ್ಪು, ಹಸಿಮೆಣಸಿನಕಾಯಿ. ಅಜ್ಜಿ ಕಾಯಿ ಮೂಸಿ ನೋಡಿ "ಸೊಗಡು ಚೆನ್ನಾಗಿದೆ, ಮಾಗಡಿ ಕಡೆದಾ?" ಅಂತ ಕೇಳಿದ್ದು ತಾನಾಗಿ ಬಂದ ಮಾತು, ಅದನ್ನು ಹಾಗೇ ಇಟ್ಟೆವು. ಬನ್ ತೋರಿಸಲಿಲ್ಲ. ಕೊನೆಯ ಮೂರು ಸೆಕೆಂಡು ಕಂದು ಬಣ್ಣದ ಬೇಕರಿ ಕವರ್, ಅದರ ಮೇಲೆ ಮಾರ್ಕರ್ ಪೆನ್ನಲ್ಲಿ ಮಾವನ ಕೈಬರಹ: ದಿನಾಂಕ, ಸಮಯ, ಅಂಗಡಿ ಇರೋ ರಸ್ತೆ. ಈ ಕವರ್ ಮೂರು ವಿಡಿಯೋದಲ್ಲೂ ಕೊನೆಗೆ ಬರುತ್ತದೆ. ಸರಣಿ ಅಂತ ಗುರುತು ಸಿಗೋಕೆ ಅದೊಂದೇ ಸಾಕು, ಶುರುವಿನಲ್ಲಿ "ಭಾಗ 1" ಅಂತ ಹಾಕಬೇಕಾಗಿಲ್ಲ.

ಎಷ್ಟು ಮುಚ್ಚಿಡಬೇಕು ಅನ್ನೋದು ಇಲ್ಲಿ ತುಂಬಾ ಜನ ಎಡವೋ ಜಾಗ. ಬಟ್ಟೆ ಮುಚ್ಚಿದ ತಟ್ಟೆ ತೋರಿಸಿ "ಏನೋ ಸ್ಪೆಷಲ್ ಬರ್ತಿದೆ" ಅನ್ನೋದಿದೆಯಲ್ಲ, ಅದು ದೊಡ್ಡ ಕಂಪನಿಗಳಿಗೆ ನಡೆಯುತ್ತದೆ, ಅವರಿಗಾಗಿ ಕಾಯೋ ಜನ ಇದ್ದಾರೆ. ನಮ್ಮ ಬೀದಿ ಬೇಕರಿಗೆ ಯಾರು ಕಾಯ್ತಾರೆ? ಹಾಗಾಗಿ ಬಾಯಲ್ಲಿ ನೀರೂರಿಸೋ ಪದಾರ್ಥ ತೋರಿಸಿ, ಅದು ಯಾವ ರೂಪದಲ್ಲಿ ಬರುತ್ತದೆ ಅನ್ನೋದನ್ನಷ್ಟೇ ಮುಚ್ಚಿಡಿ. ಆಗ ಊಹೆ ಮಾಡೋಕೆ ಏನಾದರೂ ಸಿಗುತ್ತದೆ. ಕ್ಯಾಪ್ಷನ್‌ನಲ್ಲಿ "ಏನಿರಬಹುದು ಹೇಳಿ" ಅಂತ ಕೇಳಿದ್ದಕ್ಕೆ ಅವರೆಬೇಳೆ ಪಫ್, ನಿಪ್ಪಟ್ಟು, ಕೇಕ್ ಅಂತೆಲ್ಲ ಬಂತು. ಅವರೆಬೇಳೆ ಕೇಕ್ ಅಂದವರಿಗೆ ನಮಸ್ಕಾರ.

ಎರಡನೇ ವಿಡಿಯೋ: "ಇದು ನಾಲ್ಕನೇ ಸಲ ಹಾಳಾಗಿದ್ದು"

ಈ ವಿಡಿಯೋದ ಮೇಲೆ ಜಾಸ್ತಿ ಸಮಯ ಹಾಕಿ. ಹಾಳಾದ್ದನ್ನು ತೋರಿಸೋದು ಅಂದರೆ ಮಾವನಿಗೆ ಮೊದಲು ಸುತಾರಾಂ ಇಷ್ಟ ಇರಲಿಲ್ಲ. "ಕೆಟ್ಟ ಬನ್ನು ತೋರ್ಸಿ ವ್ಯಾಪಾರ ಮಾಡ್ತೀಯೇನೋ?" ಅಂದರು. ನಂಗೆ ಅನಿಸಿದ್ದು ಬೇರೆ. ಅನುಮಾನ ಇರೋರು ಕೇಳೋದು "ಚೆನ್ನಾಗಿರುತ್ತಾ?" ಅಂತ. ಅದಕ್ಕೆ "ತುಂಬಾ ಚೆನ್ನಾಗಿದೆ" ಅಂದರೆ ಯಾರೂ ನಂಬೋದಿಲ್ಲ, ಮಾರೋನು ಹೇಳೋದೇ ಅದು. ಎಲ್ಲಿ ಕೆಟ್ಟಿತು, ಹೇಗೆ ಸರಿ ಮಾಡಿದೆವು ಅಂತ ಹೇಳಿದರೆ ಕೆಲಸ ಬಲ್ಲವರು ಅಂತ ತಾನೇ ಗೊತ್ತಾಗುತ್ತದೆ.

ಮೊದಲ ಫ್ರೇಮ್: ಕತ್ತರಿಸಿದ ಬನ್ನು, ಒಳಗೆ ಬೇಳೆಯ ಸುತ್ತ ಹಿಟ್ಟು ಅಂಟಂಟಾಗಿದೆ, ಮಾವನ ಹೆಬ್ಬೆರಳು ಅದನ್ನು ಒತ್ತಿ ತೋರಿಸುತ್ತಿದೆ. ಧ್ವನಿ ಮೊದಲ ಕ್ಷಣದಿಂದಲೇ ಶುರು: "ಇದು ನಾಲ್ಕನೇ ಸಲ ಹಾಳಾಗಿದ್ದು." ನಮಸ್ಕಾರ, ನಮ್ಮ ಬೇಕರಿಗೆ ಸ್ವಾಗತ ಅನ್ನೋದೆಲ್ಲ ಇಲ್ಲ. ಆಮೇಲೆ ಅದೇ ತಟ್ಟೆಯಲ್ಲಿ ಒಂದೊಂದೇ ಬನ್ನು ಬದಲಾಗುತ್ತದೆ, ಮಾವ ಒಂದೊಂದಕ್ಕೂ ಒಂದು ಸಾಲು ಹೇಳುತ್ತಾರೆ.

ಮೊದಲ ಸಲ ಸಿಪ್ಪೆ ಸಮೇತ ಕಾಳು ಹಾಕಿದ್ದರು, ಸಿಪ್ಪೆ ನಾಲಿಗೆಗೆ ಸಿಗುತ್ತಿತ್ತು. ಎರಡನೇ ಸಲ ಹಿಸುಕಿದ ಹಸಿ ಬೇಳೆ, ಬನ್ ಬೆಂದರೂ ಬೇಳೆ ಬೇಯಲಿಲ್ಲ. ಬನ್ನು ಓವನ್ನಿನಲ್ಲಿ ಇರೋದೇ ಹದಿನೈದು ಹದಿನೆಂಟು ನಿಮಿಷ, ಅಷ್ಟರಲ್ಲಿ ಹಿಟ್ಟಿನೊಳಗೆ ಕೂತ ಬೇಳೆ ಬೇಯೋದು ಕಷ್ಟ. ಮೂರನೇ ಸಲ ಪೂರ್ತಿ ಬೇಯಿಸಿ ಹಾಕಿದರು, ನಾದುವಾಗ ನುಣ್ಣಗಾಗಿ ಹಿಟ್ಟೆಲ್ಲ ಹಸಿರು ಗೊಜ್ಜು. ನಾಲ್ಕನೇ ಸಲ ಅರ್ಧ ಬೇಯಿಸಿದರು, ಆದರೆ ನೀರು ಆರಿಸಲಿಲ್ಲ. ಅದರ ಮೇಲೆ ಉಪ್ಪು ಬೆರೆಸಿದ ಈರುಳ್ಳಿಯೂ ನೀರು ಬಿಟ್ಟಿತು. ಆ ನೀರಿಗೇ ಬೇಳೆಯ ಸುತ್ತ ಅಂಟಾಗಿದ್ದು. ಐದನೇ ಸಲ ಅರ್ಧ ಬೆಂದ ಬೇಳೆಯನ್ನು ಬಟ್ಟೆ ಮೇಲೆ ಹರಡಿ ಆರಿಸಿ, ಈರುಳ್ಳಿ, ಮೆಣಸಿನಕಾಯಿ ಜೊತೆ ಎಣ್ಣೆಯಲ್ಲಿ ನೀರು ಇಂಗೋವರೆಗೆ ಬಾಡಿಸಿ, ತಣ್ಣಗಾದ ಮೇಲೆ ಹಿಟ್ಟು ಒಂದು ಸಲ ಉಬ್ಬಿದ ನಂತರ ಸೇರಿಸಿದರು. ಆಗ ಬನ್ ಕತ್ತರಿಸಿದರೆ ಬೇಳೆ ಇಡಿಯಾಗಿ ಕಾಣುತ್ತದೆ, ಸುತ್ತ ಹಿಟ್ಟು ಹತ್ತಿಯ ಹಾಗೆ.

ಇಷ್ಟನ್ನೂ 35 ಸೆಕೆಂಡಿಗೆ ತಂದಿದ್ದೆ, ಉದ್ದ ಆಯ್ತು ಅನಿಸಿತು. ಮೊದಲನೇ ಸಲದ ಕಥೆ ಕಿತ್ತುಹಾಕಿ 28ಕ್ಕೆ ಇಳಿಸಿದೆ. ಎಲ್ಲ ಪ್ರಯೋಗವೂ ಬೇಕಾಗಿಲ್ಲ, ಕಾರಣ ಸ್ಪಷ್ಟವಾಗಿ ಗೊತ್ತಾಗೋ ಎರಡು ಮೂರು ಸಾಕು. ಮಾತು ಜಾಸ್ತಿ ಇರೋ ವಿಡಿಯೋ ಆದ್ದರಿಂದ ಪರದೆ ಮೇಲೆ ಕನ್ನಡದಲ್ಲಿ ಸಾಲುಗಳನ್ನೂ ಹಾಕಿ, ಬಸ್ಸಲ್ಲಿ ಸದ್ದಿಲ್ಲದೆ ನೋಡೋರು ಬಹಳ. ಅಕ್ಷರಗಳನ್ನು ಪರದೆಯ ನಡುಭಾಗಕ್ಕೆ ಇಡಿ. ತೀರಾ ಕೆಳಗೆ ಇಟ್ಟರೆ ಕ್ಯಾಪ್ಷನ್ ಮುಚ್ಚುತ್ತದೆ, ಬಲಗಡೆ ತುದಿಗೆ ಇಟ್ಟರೆ ಲೈಕ್, ಶೇರ್ ಗುಂಡಿಗಳ ಕೆಳಗೆ ಹೋಗುತ್ತದೆ. ಕನ್ನಡ ಅಕ್ಷರಕ್ಕೆ ಒತ್ತು ಕೆಳಗೆ ಬರುವುದರಿಂದ ಎರಡು ಸಾಲಿನ ನಡುವೆ ಸ್ವಲ್ಪ ಜಾಗ ಬಿಡಿ, ಇಲ್ಲದಿದ್ದರೆ ಒಂದರ ಒತ್ತು ಇನ್ನೊಂದರ ತಲೆಗೆ ಅಂಟುತ್ತದೆ.

ಹಾಳಾದ್ದನ್ನು ತೋರಿಸೋದಕ್ಕೂ ಒಂದು ಗಡಿ ಇದೆ. ರುಚಿ, ಹದ, ಆಕಾರ ಕೆಟ್ಟಿದ್ದನ್ನು ತೋರಿಸಬಹುದು. ಶುಚಿಗೆ ಸಂಬಂಧಿಸಿದ್ದು ಒಂದೂ ಬೇಡ. ಹಿಂದೆ ಕಾಣೋ ಗೋಡೆ, ಕೈ, ಟವೆಲ್ ಎಲ್ಲ ನೋಡಿಕೊಳ್ಳಿ. ಹಲಸಿನ ಕೇಕ್ ವಿಡಿಯೋದಲ್ಲಿ ಹಿಂದೆ ಯಾರಿಗೋ ನ್ಯೂಸ್‌ಪೇಪರಲ್ಲಿ ಬನ್ ಕಟ್ಟಿಕೊಡ್ತಿದ್ದದ್ದು ಕಂಡು, ಕಾಮೆಂಟಲ್ಲಿ ಕೇಕಿನ ಮಾತೇ ಇಲ್ಲ, ಬರೀ ಪೇಪರಿನ ಮಾತು. ಅವರು ಹೇಳಿದ್ದೂ ಸರಿನೇ, ಪೇಪರಲ್ಲಿ ತಿಂಡಿ ಕಟ್ಟಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರವೇ ಹೇಳಿದೆ. ಅವತ್ತಿನಿಂದಲೇ ಕಂದು ಕವರ್ ಬಂದಿದ್ದು.

ಮೂರನೇ ವಿಡಿಯೋ: "120 ಬನ್ನು. ಮುಗಿದರೆ ಮುಗೀತು"

ಇದು ಚಿಕ್ಕದು, 12 ಸೆಕೆಂಡು. ಕಥೆ ಇಲ್ಲ, ವಿವರಣೆ ಇಲ್ಲ. ಓವನ್ ಬಾಗಿಲು ತೆರೆಯುತ್ತದೆ, ಟ್ರೇ ಉಜ್ಜಿಕೊಂಡು ಹೊರಗೆ ಬರುತ್ತದೆ, ಮೇಲೆ "120 ಬನ್ನು" ಅಂತ ಸಂಖ್ಯೆ. ಆಮೇಲೆ ಎರಡು ಕೈ ಬನ್ ಮುರಿಯುತ್ತವೆ, ಹಬೆ, ಒಳಗೆ ಬೇಳೆ. "ಒಂದಕ್ಕೆ 35 ರೂಪಾಯಿ." ಕವರ್. ಮುಗೀತು.

ಸಂಖ್ಯೆಯೇ ಇಲ್ಲಿನ ಕೊಕ್ಕೆ, ಅದಕ್ಕೇ ಅದು ನಿಜ ಇರಬೇಕು. ಒಂದು ಟ್ರೇಗೆ 30 ಬನ್ನು, ದಿನಕ್ಕೆ ನಾಲ್ಕು ಟ್ರೇ. ಅದಕ್ಕಿಂತ ಜಾಸ್ತಿ ಮಾಡೋಕೆ ಆಗಲ್ಲ, ಕಾರಣ ಓವನ್ ಅಲ್ಲ, ಬೇಳೆ ಹಿಸುಕೋರು ಮೂರೇ ಜನ. ಈ ಕಾರಣ ಮೊದಲನೇ ವಿಡಿಯೋದಲ್ಲೇ ಕಣ್ಣಿಗೆ ಕಂಡಿರೋದರಿಂದ "ಸ್ಟಾಕ್ ಕಡಿಮೆ, ಬೇಗ ಬನ್ನಿ" ಅನ್ನೋ ಹಳೇ ಡಬ್ಬಾ ಮಾತಿನ ಥರ ಕೇಳಿಸಲಿಲ್ಲ. ಸುಳ್ಳು ಸಂಖ್ಯೆ ಹಾಕಿ ಆಮೇಲೆ ರಾತ್ರಿ ಒಂಬತ್ತಕ್ಕೂ ಗಾಜಿನೊಳಗೆ ಬನ್ ಗುಡ್ಡೆ ಇದ್ದರೆ, ಮುಂದಿನ ಸಲ ಯಾರೂ ಓಡಿ ಬರೋದಿಲ್ಲ.

ಬೆಲೆ ಮುಚ್ಚಿಡಬೇಡಿ. "ಬೆಲೆಗೆ ಡಿಎಂ ಮಾಡಿ" ಅನ್ನೋದನ್ನು ಸೀರೆ ಮಾರೋರಿಂದ ಯಾರೋ ಕಲಿತು ಬೇಕರಿಗೂ ತಂದಿದ್ದಾರೆ. 35 ರೂಪಾಯಿಯ ಬನ್ನಿಗೆ ಯಾರು ಮೆಸೇಜ್ ಮಾಡ್ತಾರೆ?

ಏನಾದರೂ ತಪ್ಪಿದರೆ

ಮೂರನ್ನೂ ಮೊದಲೇ ಶೆಡ್ಯೂಲ್ ಮಾಡಿ ನಿಶ್ಚಿಂತೆಯಿಂದ ಇರೋಕೆ ಆಗಲ್ಲ. ಮಳೆ ಬಂದು ಮಾರ್ಕೆಟ್ಟಿಗೆ ಕಾಯಿ ಬಾರದೇ ಇರಬಹುದು, ಓವನ್ ಕೈಕೊಡಬಹುದು. ಹಾಕಿದ ಮೇಲೆ ಕ್ಯಾಪ್ಷನ್ ತಿದ್ದಬಹುದು, ವಿಡಿಯೋದೊಳಗೆ ಬರೆದಿರೋದನ್ನು ತಿದ್ದೋಕೆ ಆಗೋದಿಲ್ಲ. ಅದಕ್ಕೆ ಕವರ್ ತೋರಿಸೋ ಕೊನೆಯ ಮೂರು ಸೆಕೆಂಡನ್ನು ಬೇರೆ ತುಣುಕಾಗಿ ಇಟ್ಟುಕೊಳ್ಳಿ, ಒಂದು ವಾರ ಮುಂದಿನ ದಿನಾಂಕ ಬರೆದ ಇನ್ನೊಂದು ಕವರನ್ನೂ ಅವತ್ತೇ ತೆಗೆದಿಡಿ. ಆಗಲೇ ಹಾಕಿದ ವಿಡಿಯೋ ಇದ್ದರೆ ಅದನ್ನು ಅಳಿಸಬೇಡಿ, ಕ್ಯಾಪ್ಷನ್‌ನ ಮೊದಲ ಸಾಲಲ್ಲಿ ಹೊಸ ದಿನಾಂಕ ಹಾಕಿ, ಅದನ್ನೇ ಕಾಮೆಂಟಲ್ಲೂ ಬರೆದು ಪಿನ್ ಮಾಡಿ.

ಕೊಕ್ಕೆ ಕೆಲಸ ಮಾಡಿತಾ ಅಂತ ತಿಳಿಯೋಕೆ ಎಷ್ಟು ಜನ ನೋಡಿದರು ಅನ್ನೋ ಸಂಖ್ಯೆ ನೋಡಿ ಹಿಗ್ಗಬೇಡಿ. ರೀಲ್ಸ್‌ನ ಇನ್‌ಸೈಟ್ಸ್‌ನಲ್ಲಿ ಜನ ಎಷ್ಟು ಹೊತ್ತು ಉಳಿದರು ಅನ್ನೋ ಗೆರೆ ಇರುತ್ತದೆ. ಅದು ಮೊದಲ ಎರಡು ಮೂರು ಸೆಕೆಂಡಲ್ಲೇ ಧೊಪ್ಪನೆ ಬಿದ್ದಿದ್ದರೆ ಕೊಕ್ಕೆ ಸರಿಯಿಲ್ಲ. ಮಧ್ಯದಲ್ಲಿ ಬಿದ್ದಿದ್ದರೆ ಅಲ್ಲಿ ಎಳೆದಿದ್ದೀರಿ. ಕೊನೆಯ ಕವರ್ ಬಂದಾಗ ಬಿದ್ದರೆ ದಿನಾಂಕ ಯಾರೂ ಓದುತ್ತಿಲ್ಲ ಅಂತ ಅರ್ಥ. ಮೊದಲನೇ ವಿಡಿಯೋದಲ್ಲಿ ನಮಗೆ ಹೀಗೇ ಆಯ್ತು. ಆಮೇಲಿನ ಎರಡರಲ್ಲಿ ಮಾವನ ಕೈ ಕವರಿನ ಮೇಲೆ ದಿನಾಂಕ ಬರೀತಿರುವಾಗಲೇ ಹಿನ್ನೆಲೆಯಲ್ಲಿ ಅವರು ಅದನ್ನು ಬಾಯಲ್ಲೂ ಹೇಳುವ ಹಾಗೆ ಮಾಡಿದೆ.

ಇದಕ್ಕಿಂತ ನಂಬಿಕೆಯ ಲೆಕ್ಕ ಕೌಂಟರ್ ಮೇಲೇ ಸಿಗುತ್ತದೆ. ಒಂದು ರಟ್ಟಿನ ಮೇಲೆ ಮೂರು ಗೆರೆ ಎಳೆದು "ಹಿಸುಕಿದ್ದು", "ಹಾಳಾಗಿದ್ದು", "ಓವನ್" ಅಂತ ಬರೆದು ಕ್ಯಾಷ್ ಪೆಟ್ಟಿಗೆ ಪಕ್ಕ ಇಟ್ಟೆ. ಬನ್ ಕೇಳಿದವರಿಗೆ "ವಿಡಿಯೋ ನೋಡಿ ಬಂದ್ರಾ? ಯಾವ್ದು ನೋಡಿದ್ರಿ?" ಅಂತ ಕೇಳಿ ಗೀಟು ಹಾಕೋದು ಹುಡುಗನ ಕೆಲಸ. ಫೋನಿನಲ್ಲಿ ಜಾಸ್ತಿ ಓಡಿದ್ದು ಮೊದಲನೇದು, ಅವರೆಕಾಯಿ ಹಿಸುಕಿದ್ದು. ರಟ್ಟಿನ ಮೇಲೆ ಗೀಟು ಜಾಸ್ತಿ ಬಿದ್ದಿದ್ದು ಹಾಳಾದ ಬನ್ನಿಗೆ. ಬಂದವರು ಬನ್ ಕೈಗೆ ತಗೊಂಡು ಮುರಿದು, ಬೇಳೆಯ ಸುತ್ತ ಅಂಟಿದೆಯಾ ಅಂತ ಒತ್ತಿ ನೋಡ್ತಿದ್ದರು. ಮಾವ ಆಚೆ ಕಡೆ ನಿಂತು ನೋಡ್ತಿದ್ದರು.

ಶುರುವಾದ ಮರುದಿನ ಮೂರೂ ವಿಡಿಯೋದ ಕ್ಯಾಪ್ಷನ್ ಬದಲಾಯಿಸಿ, ಮೊದಲ ಸಾಲಲ್ಲಿ "ಈಗ ದಿನಾ ಸಂಜೆ 4ರಿಂದ" ಅಂತ ಹಾಕಿ. ಪ್ರೊಫೈಲಿನಲ್ಲಿ ಮೂರು ಪೋಸ್ಟ್ ಪಿನ್ ಮಾಡೋಕೆ ಅವಕಾಶ ಇದೆ, ಸರಿಯಾಗಿ ನಮ್ಮ ಲೆಕ್ಕಕ್ಕೆ. ಅವರೆ ಕಾಲ ಮುಗಿದ ಮೇಲೆ ಪಿನ್ ತೆಗೆದು, ಕ್ಯಾಪ್ಷನ್ನಿನ ಮೊದಲ ಸಾಲು ಇನ್ನೊಂದು ಸಲ ತಿದ್ದಿ: "ಈ ಸಲದ್ದು ಮುಗಿಯಿತು, ಮತ್ತೆ ಡಿಸೆಂಬರಿಗೆ." ಇದನ್ನು ಮರೆತರೆ ಏಪ್ರಿಲ್‌ನಲ್ಲಿ ಯಾರೋ ಬಿಸಿಲಲ್ಲಿ ಗಾಡಿ ನಿಲ್ಲಿಸಿ ಅವರೆಬೇಳೆ ಬನ್ ಕೇಳ್ತಾರೆ, ಮಾವ ಮತ್ತೆ ನನ್ನ ಕಡೆ ತಿರುಗಿ ನೋಡ್ತಾರೆ.